ದೊಡ್ಡಮ್ಮ ಹೇಳಲಿ, ನೀವು ಬರೆಯಿರಿ: ಹಿರಿಯರ ಬಾಯಿಂದಲೇ ಸಾಂತ್ವನದ ಪತ್ರ ಬರೆಸುವುದು ಹೇಗೆ

ದೂರದ ಊರಲ್ಲಿ ಬೇಕಾದವರು ಯಾರೋ ತೀರಿಕೊಂಡಿರುತ್ತಾರೆ. ಮನೆಯ ಹಿರಿಯರಿಗೆ ಹೋಗಿಬರುವ ಶಕ್ತಿ ಇರುವುದಿಲ್ಲ. ಮಂಡಿನೋವು, ಹಿಡಿದ ಮಳೆ, ಬಸ್ಸು ಬದಲಾಯಿಸುವ ತಾಪತ್ರಯ. ಫೋನ್ ಮಾಡೋಣ ಅಂದರೆ ಆ ಕಡೆಯವರಿಗೆ ಕಿವಿ ಮಂದ, ಇಲ್ಲವೇ ಎರಡೂ ಕಡೆ ಬರೀ ಅಳು. ಆಗ "ಒಂದು ಕಾಗದ ಬರ್ದು ಹಾಕು ಮಗಾ" ಎನ್ನುತ್ತಾರೆ. ಏನು ಬರೀಲಿ ಎಂದರೆ, "ನಂಗೇನು ಗೊತ್ತಾಗುತ್ತೆ, ಓದಿರೋಳು ನೀನು, ನೀನೇ ಏನಾದ್ರೂ ಬರಿ" ಅನ್ನುತ್ತಾರೆ.

ಆ ಮಾತನ್ನು ಹಾಗೇ ಒಪ್ಪಿಕೊಂಡರೆ ಪತ್ರ ನಿಮ್ಮದಾಗುತ್ತದೆ, ಅವರದಾಗುವುದಿಲ್ಲ. "ತಮ್ಮ ಪತಿಯವರ ನಿಧನದ ವಾರ್ತೆ ಕೇಳಿ ತೀವ್ರ ಆಘಾತವಾಯಿತು, ಭಗವಂತನು ದುಃಖ ಭರಿಸುವ ಶಕ್ತಿ ನೀಡಲಿ" ಎಂದು ಬರೆಯುವುದು ನಿಮಗೆ ಎರಡು ನಿಮಿಷದ ಕೆಲಸ. ಆದರೆ ಐವತ್ತು ವರ್ಷದ ಒಡನಾಟದಲ್ಲಿ ದೊಡ್ಡಮ್ಮ ಒಂದು ದಿನವೂ "ತಮ್ಮ ಪತಿಯವರು" ಎಂದವರಲ್ಲ. ಪತ್ರ ಕೇಳಿಸಿಕೊಂಡವರಿಗೆ ಅದು ಯಾರ ದನಿ ಅಂತಲೇ ಗೊತ್ತಾಗುವುದಿಲ್ಲ.

ಹಾಗಾಗಿ ಇಲ್ಲಿ ನಿಮ್ಮ ಕೆಲಸ ಮೂರೇ. ಕೇಳುವುದು, ಅವರು ಹೇಳಿದ್ದರಲ್ಲಿ ಆರಿಸುವುದು, ಆರಿಸಿದ್ದನ್ನು ಅವರಿಗೇ ಓದಿ ಹೇಳುವುದು. ನಮ್ಮ ದೊಡ್ಡಮ್ಮನಿಂದ ಬರೆಸಿದ ಒಂದು ಪತ್ರವನ್ನೇ ಇಟ್ಟುಕೊಂಡು ಹೇಳುತ್ತೇನೆ. ಅವರು ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ದುಡಿದವರು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವರು, ಹೆಸರು ಬರೆಯಲು ಬರುತ್ತದೆ. ಲೈನು ಮನೆಯಲ್ಲಿ ಪಕ್ಕದ ಬಾಗಿಲಿನವರಾಗಿದ್ದ ಹೆಂಗಸನ್ನು ಅವರು ಅಕ್ಕ ಅನ್ನುತ್ತಾರೆ, ಅವರ ಯಜಮಾನರನ್ನು ಭಾವ ಅನ್ನುತ್ತಾರೆ. ಅಕ್ಕ ಈಗ ಅರಸೀಕೆರೆ ಹತ್ತಿರ ಮಗನ ಮನೆಯಲ್ಲಿದ್ದಾರೆ. ಪುಷ್ಯ ಮಳೆ ಹೊಯ್ಯುತ್ತಿರುವಾಗ ಭಾವ ತೀರಿಹೋದರು ಎಂದು ಸುದ್ದಿ ಬಂತು.

ಮೊದಲು ಒಂದು ವಿಷಯ ತಿಳಿದುಕೊಳ್ಳಿ: ಆ ಕಡೆ ಓದುವವರು ಯಾರು?

ನಮ್ಮ ಕಡೆ ಈ ವಯಸ್ಸಿನವರ ಪತ್ರ ಹೆಚ್ಚಾಗಿ ಒಂದು ಬಾಯಿಂದ ಹೊರಟು ಇನ್ನೊಂದು ಕಿವಿಗೆ ಸೇರುತ್ತದೆ. ಬರೆಯುವವರೂ ಬೇರೆ, ಓದುವವರೂ ಬೇರೆ. ನಮ್ಮ ದೊಡ್ಡಮ್ಮನ ಪತ್ರವನ್ನು ಅಕ್ಕನಿಗೆ ಓದಿ ಹೇಳಬೇಕಾದವನು ಹೈಸ್ಕೂಲಿಗೆ ಹೋಗುವ ಮೊಮ್ಮಗ. ಇದು ಗೊತ್ತಾದರೆ ಅರ್ಧ ತೀರ್ಮಾನಗಳು ತಾವಾಗಿಯೇ ಆಗುತ್ತವೆ. ವಾಕ್ಯ ಚಿಕ್ಕದಿರಬೇಕು, ಹುಡುಗ ತಡವರಿಸದೆ ಓದುವಂತಿರಬೇಕು. ಅಕ್ಷರ ದಪ್ಪವಿರಬೇಕು. ಹುಡುಗನ ಎದುರು ಆಡಬಾರದ ಮಾತು ಪತ್ರದಲ್ಲಿರಬಾರದು. ಎರಡು ಮನೆಯ ನಡುವಿನ ಹಳೇ ಸಾಲ, ಜಗಳ, ಅಡವಿಟ್ಟ ಓಲೆ, ಇಂಥವು ಮಾತಿನಲ್ಲಿ ಖಂಡಿತ ಬರುತ್ತವೆ. ಬರಲಿ, ತಡೆಯಬೇಡಿ. ಆದರೆ ಕಾಗದದ ಮೇಲೆ ಬೇಡ.

ಯಾವಾಗ ಕೂರಬೇಕು

ಪೆನ್ನು ಹಾಳೆ ಹಿಡಿದು ಎದುರಿಗೆ ಕೂತು "ಹೂಂ, ಹೇಳು" ಅನ್ನಬೇಡಿ. ಬ್ಯಾಂಕಿನವರ ಎದುರು ಕೂತಂತೆ ಅವರ ಬೆನ್ನು ನೆಟ್ಟಗಾಗುತ್ತದೆ, ದನಿಯೂ ಬದಲಾಗುತ್ತದೆ. ಕೈಗೆ ಏನಾದರೂ ಕೆಲಸ ಇರುವ ಹೊತ್ತು ಒಳ್ಳೆಯದು. ಹಲಸಿನ ಬೀಜದ ಸಿಪ್ಪೆ ತೆಗೆಯುವಾಗ, ಅಕ್ಕಿ ಆರಿಸುವಾಗ, ಒಲೆ ಮುಂದೆ ಬೆಂಕಿ ಕಾಯಿಸುವಾಗ. ಟಿವಿ ಆರಿಸಿ. ಸುದ್ದಿ ಬಂದ ದಿನವೇ ಬೇಡ, ಒಂದೆರಡು ದಿನ ಬಿಡಿ. ಅರ್ಧ ಗಂಟೆಗಿಂತ ಜಾಸ್ತಿ ಕೂರಿಸಬೇಡಿ. ಸತ್ತವರ ವಿಷಯ ಮಾತಾಡುವುದು ದಣಿಸುವ ಕೆಲಸ, ಅವರು ಅದನ್ನು ಹೇಳಿಕೊಳ್ಳುವುದಿಲ್ಲ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ತುಂಬಾ ಅನುಕೂಲ, ಏಕೆಂದರೆ ಬರೆದುಕೊಳ್ಳುತ್ತಾ ಕೂತರೆ ಅವರು ನಿಮ್ಮ ಕೈಗೆ ಕಾದು ಕಾದು ಮಾತು ಮರೆಯುತ್ತಾರೆ. ಆದರೆ ಮೊದಲೇ ಹೇಳಿ: "ದೊಡ್ಡಮ್ಮ, ನೀನು ಹೇಳೋದು ಮರ್ತು ಹೋಗ್ಬಾರ್ದು ಅಂತ ಇದರಲ್ಲಿ ಹಿಡ್ಕೋತೀನಿ, ಕಾಗದ ಹಾಕಿದ ಮೇಲೆ ಅಳಿಸ್ತೀನಿ." ಬೇಡ ಅಂದರೆ ಬಿಟ್ಟುಬಿಡಿ, ಮುಖ್ಯವಾದ ನಾಲ್ಕು ಪದ ಮಾತ್ರ ಗೀಚಿಕೊಳ್ಳಿ. ಮಳೆಗಾಲದಲ್ಲಿ ಇನ್ನೊಂದು ತೊಂದರೆ ಇದೆ. ತಗಡಿನ ಶೀಟಿನ ಕೆಳಗೆ ಕೂತರೆ ರೆಕಾರ್ಡಿನಲ್ಲಿ ಮಳೆ ಸದ್ದು ಬಿಟ್ಟು ಬೇರೇನೂ ಇರುವುದಿಲ್ಲ. ಒಳಕೋಣೆಯಲ್ಲಿ ಕೂತು, ಫೋನನ್ನು ಅವರ ಮೊಣಕಾಲ ಹತ್ತಿರ ಬಟ್ಟೆಯ ಮೇಲಿಡಿ. ಅರ್ಧ ನಿಮಿಷ ಹಿಡಿದು, ಕೇಳಿಸುತ್ತಾ ಅಂತ ನೋಡಿ, ಆಮೇಲೆ ಶುರು ಮಾಡಿ.

ಏನು ಕೇಳಬೇಕು

"ಪತ್ರದಲ್ಲಿ ಏನು ಬರೀಲಿ?" ಎಂದು ಮಾತ್ರ ಕೇಳಬೇಡಿ. ಪತ್ರ ಎಂದ ತಕ್ಷಣ ಅವರು ರೇಡಿಯೋದಲ್ಲಿ, ಯಾರೋ ಮೇಷ್ಟ್ರ ಬಾಯಲ್ಲಿ ಕೇಳಿದ ಮಾತಿಗೆ ಹೋಗುತ್ತಾರೆ. ಒಂದು ಕಾಲದಲ್ಲಿ ಇವರ ಪತ್ರಗಳನ್ನು ತೋಟದ ರೈಟರೋ ಶಾಲೆ ಮೇಷ್ಟ್ರೋ ಬರೆದುಕೊಡುತ್ತಿದ್ದರು. ಪತ್ರ ಎಂದರೆ ಹಾಗೇ ಇರಬೇಕು ಎನ್ನುವುದು ಮನಸ್ಸಿನಲ್ಲಿ ಕೂತಿದೆ. ಪತ್ರದ ಮಾತೇ ಎತ್ತದೆ ತೀರಿಕೊಂಡವರ ಬಗ್ಗೆ ಕೇಳಿ.

ಪ್ರಶ್ನೆ ಚಿಕ್ಕದಿರಲಿ, ಕಣ್ಣಿಗೆ ಕಾಣುವಂಥದ್ದಿರಲಿ. "ಭಾವ ಎಂಥವರು?" ಎಂದರೆ "ಒಳ್ಳೇರು, ದೇವ್ರಂಥೋರು" ಎಂಬ ಉತ್ತರ ಬರುತ್ತದೆ. ಅದರಿಂದ ಪತ್ರ ಆಗುವುದಿಲ್ಲ. "ಭಾವ ತೋಟದಲ್ಲಿ ಏನು ಕೆಲಸ ಮಾಡ್ತಿದ್ರು?", "ಬೆಳಿಗ್ಗೆ ಎದ್ದು ಮೊದಲು ಏನು ಮಾಡೋರು?", "ನಿಮ್ಮ ಮನೆಗೆ ಬಂದ್ರೆ ಎಲ್ಲಿ ಕೂರ್ತಿದ್ರು?" ಎಂದು ಕೇಳಿ. ನಂತರ ಇನ್ನೊಂದು ಪ್ರಶ್ನೆ ಕೇಳಿ, ನನ್ನ ಅನುಭವದಲ್ಲಿ ಪತ್ರ ಹೊರಡುವುದು ಇದರಿಂದಲೇ: "ಭಾವ ಮಾಡಿದ್ದು ಏನಾದ್ರೂ ಅಕ್ಕಂಗೆ ಗೊತ್ತಿಲ್ಲದ್ದು, ನಿಂಗೆ ಮಾತ್ರ ಗೊತ್ತಿರೋದು ಇದೆಯಾ?" ಗಂಡನನ್ನು ಕಳೆದುಕೊಂಡವರಿಗೆ ಆತನ ಬಗ್ಗೆ ಹೊಸದಾಗಿ ಒಂದು ವಿಷಯ ಗೊತ್ತಾಗುವುದು ಅಂದರೆ ಸಣ್ಣದಲ್ಲ. ಅದನ್ನು ಕೊಡಲು ಹಳೇ ನೆರೆಯವರಿಂದ ಮಾತ್ರ ಆಗುತ್ತದೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಮೌನ ತುಂಬಿಸಲು ನೀವೇ ಉತ್ತರ ಸೂಚಿಸಬೇಡಿ. ನಮ್ಮ ದೊಡ್ಡಮ್ಮ ಸ್ವಲ್ಪ ಹೊತ್ತು ಹಲಸಿನ ಬೀಜ ಸುಲಿಯುತ್ತಲೇ ಇದ್ದು ಆಮೇಲೆ ಹೇಳಿದ್ದು ಇದು:

"ಭಾವ ಮಾತೇ ಆಡ್ತಿರ್ಲಿಲ್ಲ ಕಣೇ. ಇಬ್ಬರ ಮಾತೂ ಅಕ್ಕನೇ ಆಡೋಳು. ನಿಮ್ಮ ದೊಡ್ಡಪ್ಪ ಮರದಿಂದ ಬಿದ್ದು ಕಾಲು ಮುರ್ಕೊಂಡ ವರ್ಷ ಮನೇಲಿ ಒಂದು ಪುಳ್ಳೆ ಇರ್ಲಿಲ್ಲ. ಮಳೆ ಹಿಡ್ಕೊಂಡ್ರೆ ಒಲೆ ಹಚ್ಚೋದು ಹೆಂಗೆ ಅಂತ ದಿಗಿಲು ನಂಗೆ. ಬೆಳಿಗ್ಗೆ ಬಾಗಿಲು ತೆಗುದ್ರೆ ಜಗಲಿ ಮೇಲೆ ಸೌದೆ! ಮರಗಸಿ ಮಾಡಿದ ಕೊಂಬೆ, ಸೀಳಿ ಒಟ್ಟಿ ಇಟ್ಟಿದ್ರು. ಯಾರು ಅಂತ ಯಾರೂ ಹೇಳ್ಲಿಲ್ಲ. ದಿನಾ ಹಂಗೇ. ಒಂದಿನ ಕತ್ಲಲ್ಲೇ ಎದ್ದು ನೋಡ್ದೆ. ಭಾವ. ಕಂಬಳಿ ಕೊಪ್ಪೆ ಹಾಕ್ಕೊಂಡು. ನಾನು ನೋಡ್ದೆ ಅಂತ ಹೇಳ್ಲಿಲ್ಲ. ಅಕ್ಕಂಗೂ ಹೇಳಿಲ್ಲ. ಅಯ್ಯೋ, ಅಕ್ಕಂಗೆ ಒಂದ್ಸಲ ಹೇಳ್ಬೇಕಿತ್ತು."

ಕೊನೆಯ ಆ ಮಾತು ಗಮನಿಸಿ. "ಹೇಳ್ಬೇಕಿತ್ತು" ಎಂದು ಅವರು ಅಂದಾಗ ಪತ್ರದ ನಡುಭಾಗ ಸಿಕ್ಕಿತು ಎಂದೇ ಅರ್ಥ. ಆಗ ಕೇಳಿ, "ಈಗ ಅಕ್ಕ ಇಲ್ಲೇ ಕೂತಿದ್ರೆ ಹೆಂಗೆ ಹೇಳ್ತೀಯ?" ಮೊದಲ ಬಾರಿ ಅವರು ನಿಮಗೆ ಕಥೆ ಹೇಳುತ್ತಿದ್ದರು. ಈಗ ಅಕ್ಕನಿಗೆ ಹೇಳತೊಡಗುತ್ತಾರೆ. "ಅಕ್ಕ, ನಿಂಗೆ ಒಂದು ಮಾತು ಹೇಳ್ಬೇಕು" ಎಂದು ಅವರ ಬಾಯಿಂದಲೇ ಬರುತ್ತದೆ. ಬರೆಯಬೇಕಾದ್ದು ಈ ಎರಡನೇ ಸಲದ ಮಾತನ್ನು.

ಅವರು ಅತ್ತರೆ ಅಳಲಿ. "ಅಳಬೇಡ ದೊಡ್ಡಮ್ಮ" ಎನ್ನುವ ಅಗತ್ಯವಿಲ್ಲ. ನೀರು ಕೊಡಿ, ಕೈ ಹಿಡಿದು ಕೂತಿರಿ. ಸುಧಾರಿಸಿಕೊಂಡ ಮೇಲೆ ಅವರೇ ಮುಂದುವರಿಸಿದರೆ ಸರಿ, ಇಲ್ಲದಿದ್ದರೆ ಅವತ್ತಿಗೆ ಸಾಕು.

ಆರಿಸುವುದು

ರೆಕಾರ್ಡ್ ಕೇಳಿಸಿಕೊಂಡು ಎಲ್ಲವನ್ನೂ ಒಮ್ಮೆ ಹಾಗೇ ಬರೆದುಕೊಳ್ಳಿ. ಮೂರ್ನಾಲ್ಕು ಪುಟ ಆಗಬಹುದು. ಪತ್ರಕ್ಕೆ ಬೇಕಾದ್ದು ಹದಿನೈದು ಇಪ್ಪತ್ತು ಚಿಕ್ಕ ವಾಕ್ಯ. ನೆನಪುಗಳು ಹತ್ತು ಬಂದಿದ್ದರೂ ಒಂದನ್ನು ಮಾತ್ರ ಪೂರ್ತಿಯಾಗಿ ಇಡಿ. ಸೌದೆ, ಜಗಲಿ, ಕತ್ತಲು, ಕೊಪ್ಪೆ, ಇವನ್ನು ಬಿಟ್ಟು "ಭಾವ ನಮಗೆ ಕಷ್ಟದಲ್ಲಿ ತುಂಬಾ ಸಹಾಯ ಮಾಡಿದ್ದರು" ಎಂದು ಬರೆದರೆ ಅದು ಯಾವ ಭಾವನ ಬಗ್ಗೆಯೂ ಆಗಬಹುದು.

ಕೈಬಿಡಬೇಕಾದ್ದೂ ಇದೆ. ಹಿರಿಯರು ಸಹಜವಾಗಿಯೇ "ಏನಾಗಿತ್ತಂತೆ? ಆಸ್ಪತ್ರೆಗೆ ಯಾವಾಗ ಸೇರಿಸಿದ್ರಂತೆ? ಮೊದ್ಲೇ ತೋರಿಸ್ಬಾರ್ದಿತ್ತಾ?" ಎಂದು ಕೇಳುತ್ತಾರೆ. ಕಾಳಜಿಯಿಂದಲೇ ಕೇಳುವುದು. ಆದರೆ ಕಾಗದದಲ್ಲಿ ಓದಿದಾಗ ಮನೆಯವರು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದಂತೆ ಕೇಳಿಸುತ್ತದೆ. ಆ ಪ್ರಶ್ನೆಗಳಿಗೆ ನೀವು ಅವರ ಮಗನಿಗೆ ಫೋನ್ ಮಾಡಿ ಉತ್ತರ ತಿಳಿದು ಹೇಳಿ, ಪತ್ರದಲ್ಲಿ ಹಾಕಬೇಡಿ.

ಅವರ ಸ್ವಂತ ದುಃಖವೂ ಬರುತ್ತದೆ. ಗಂಡನನ್ನು ಕಳೆದುಕೊಂಡ ಹೆಂಗಸು ಇನ್ನೊಬ್ಬಳಿಗೆ ಸಾಂತ್ವನ ಹೇಳಹೊರಟಾಗ ತನ್ನ ಕಥೆಗೇ ಹೊರಳುವುದು ಸಹಜ. ಪೂರ್ತಿ ತೆಗೆದರೆ ತಪ್ಪು, ಪೂರ್ತಿ ಇಟ್ಟರೂ ತಪ್ಪು. ಅದರಲ್ಲಿ ಅಕ್ಕ ಬರುವ ಭಾಗ ಯಾವುದು ಎಂದು ನೋಡಿ, ಅಷ್ಟನ್ನು ಇಟ್ಟುಕೊಳ್ಳಿ. ದೊಡ್ಡಪ್ಪ ತೀರಿಕೊಂಡಾಗ ಅಕ್ಕ ಬಂದು ಮೂರು ದಿನ ಜೊತೆಯಲ್ಲಿ ಮಲಗಿದ್ದರು ಎಂದು ದೊಡ್ಡಮ್ಮ ಹೇಳಿದರು. ಅದು ಉಳಿಯಿತು, ಆಸ್ಪತ್ರೆಯ ವಿವರ ಹೋಯಿತು.

"ಋಣ ಅಷ್ಟೇ ಇತ್ತು", "ಹೋಗೋರನ್ನ ಹಿಡಿಯೋಕಾಗುತ್ತಾ" ಎಂಬ ಮಾತುಗಳ ಬಗ್ಗೆ ಜನ ಕೇಳುತ್ತಾರೆ, ಇಡಬೇಕಾ ಬಿಡಬೇಕಾ ಅಂತ. ಅವರ ಬಾಯಿಂದಲೇ ಬಂದಿದ್ದರೆ ಒಂದನ್ನು ಇಡಿ. ಅದೇ ದುಃಖ ಉಂಡವರಿಗೆ ಆ ಮಾತಾಡುವ ಹಕ್ಕಿದೆ. ನೀವಾಗಿ ಮಾತ್ರ ಒಂದನ್ನೂ ಸೇರಿಸಬೇಡಿ.

ಇನ್ನು ಭಾಷೆ. ಅವರ ಪದ, ಪದಗಳ ಸಾಲು, ಸಂಬಂಧದ ಹೆಸರು, ನೀನು-ನೀವು, ಇವನ್ನು ಮುಟ್ಟಬೇಡಿ. ದೊಡ್ಡಮ್ಮ ಅಕ್ಕನಿಗೆ "ನೀನು" ಅನ್ನುತ್ತಾರೆ, ಭಾವನಿಗೆ "ಅವರು" ಅನ್ನುತ್ತಾರೆ. ಹಾಗೇ ಇರಲಿ. ಕಾಗುಣಿತ ಮಾತ್ರ ಹುಡುಗನಿಗೆ ಓದಲು ಸುಲಭವಾಗುವಂತೆ ಮಾಡಿಕೊಳ್ಳಿ. "ಹೇಳ್ಲಿಲ್ಲ" ಎನ್ನುವುದನ್ನು "ಹೇಳಲಿಲ್ಲ" ಎಂದು ಬರೆದರೆ ಏನೂ ಕೆಡುವುದಿಲ್ಲ. "ಪುಳ್ಳೆ" ಎನ್ನುವುದನ್ನು "ಕಟ್ಟಿಗೆ" ಎಂದು ತಿದ್ದಿದರೆ ಕೆಡುತ್ತದೆ.

ಓದಿ ಹೇಳುವುದು

ಕರಡನ್ನು ಮಾರನೇ ದಿನ ಬೆಳಿಗ್ಗೆ ಓದಿ. ಒಂದು ಸಲಕ್ಕೆ ಒಂದೇ ವಾಕ್ಯ, ನಿಧಾನವಾಗಿ. ಓದುತ್ತಾ ಅವರ ಬಾಯಿ ನೋಡಿ. ಮಾತು ಅವರದೇ ಆಗಿದ್ದರೆ ನಿಮ್ಮ ಜೊತೆ ತುಟಿ ಆಡುತ್ತದೆ, ಇಲ್ಲವೇ ಮುಂದಿನ ಮಾತನ್ನು ಅವರೇ ಹೇಳಿಬಿಡುತ್ತಾರೆ. ಅವರದಲ್ಲದಿದ್ದರೆ "ಹ್ಞೂಂ, ಇರ್ಲಿ, ಚೆನ್ನಾಗಿದೆ" ಎನ್ನುತ್ತಾರೆ. ಈ "ಚೆನ್ನಾಗಿದೆ" ನಂಬಬೇಡಿ. ಓದಿದವರು ಬರೆದದ್ದನ್ನು ತಿದ್ದಬಾರದು ಎಂಬ ಸಂಕೋಚ ಅದು. ಸರಿ ಇದೆಯಾ ಎಂದು ಕೇಳಿದರೆ ಇವರೆಲ್ಲ ಸರಿ ಇದೆ ಎಂದೇ ಹೇಳುತ್ತಾರೆ.

ಅದಕ್ಕೆ ಅನುಮಾನವಿದ್ದ ಕಡೆ ಎರಡು ಬಗೆಯಲ್ಲಿ ಓದಿ, ಯಾವುದು ಬೇಕು ಎಂದು ಕೇಳಿ. "ಭಾವ ದೈವಾಧೀನರಾದರು ಅಂತ ಬರೀಲಾ, ಭಾವ ತೀರಿಕೊಂಡರು ಅಂತ ಬರೀಲಾ?" ದೊಡ್ಡಮ್ಮ ಎರಡನ್ನೂ ಬಿಟ್ಟು, "ಭಾವ ಹೋದ್ರು ಅಂತ ಗೊತ್ತಾಯ್ತು ಅಂತ ಬರಿ" ಎಂದರು. ಎರಡರಲ್ಲಿ ಒಂದನ್ನು ಆರಿಸುವ ಬದಲು ಮೂರನೆಯದನ್ನು ಹೇಳಿದರೆ, ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ತಿಳಿಯಿರಿ.

ಇನ್ನೊಂದು ಉಪಾಯ: ವಾಕ್ಯ ಓದಿ, "ಈಗ ನೀನು ಹೇಳು" ಎನ್ನಿ. ಅವರು ಬೇರೆ ಪದದಲ್ಲಿ ಹೇಳಿದರೆ ಕರಡು ಹೊಡೆದುಹಾಕಿ, ಆ ಪದವನ್ನು ಬರೆಯಿರಿ. ಕೊನೆಯಲ್ಲಿ "ಇದರಲ್ಲಿ ಬೇಡ ಅನ್ನಿಸಿದ ಮಾತು ಯಾವ್ದು?" ಎಂದು ಕೇಳಿ. ಸರಿ ಇದೆಯಾ ಎಂದು ಕೇಳುವುದಕ್ಕಿಂತ ಇದಕ್ಕೆ ನಿಜವಾದ ಉತ್ತರ ಸಿಗುತ್ತದೆ.

ತಲೆ ಮತ್ತು ಬುಡ

ಮಾಮೂಲಿ ಪತ್ರದ ಒಕ್ಕಣೆ ಇಲ್ಲಿ ಬೇಡ. "ಉಭಯ ಕುಶಲೋಪರಿ", "ಇಲ್ಲಿ ಎಲ್ಲರೂ ಕ್ಷೇಮ" ಎಂದು ಕೈ ತಾನಾಗಿಯೇ ಬರೆದುಬಿಡುತ್ತದೆ, ಎಚ್ಚರ. ಅದಕ್ಕಿಂತ ಮುಖ್ಯವಾದ್ದು "ಸೌಭಾಗ್ಯವತಿ" ಅಥವಾ "ಸೌ." ಎಂಬುದು. ವಿಳಾಸದಲ್ಲೂ ಅದು ಇರಬಾರದು. ಮೊನ್ನೆ ಗಂಡ ತೀರಿಕೊಂಡ ಮನೆಗೆ ಆ ಪದ ಹೋದರೆ ಪತ್ರದೊಳಗೆ ಏನಿದ್ದರೂ ವ್ಯರ್ಥ. ಗಂಡ ಇಲ್ಲದವರಿಗೆಂದು ಹಳಬರು ಬರೆಯುತ್ತಿದ್ದ "ಗಂಗಾಭಾಗೀರಥಿ ಸಮಾನರಾದ" ಎಂಬುದೂ ಬೇಡವೇ ಬೇಡ. "ಅಕ್ಕನಿಗೆ" ಸಾಕು. ಮೇಲೆ "ಶ್ರೀ" ಹಾಕಬೇಕೋ ಬೇಡವೋ ಎಂಬುದನ್ನು ಹಿರಿಯರನ್ನೇ ಕೇಳಿ, ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ. ಕಾಗದದ ಮೂಲೆಗೆ ಅರಿಶಿನ ಹಚ್ಚುವುದು ಶುಭಕಾರ್ಯದ ಪತ್ರಕ್ಕೆ.

ಕೊನೆಯಲ್ಲಿ ಏನಾದರೂ ಮಾತು ಕೊಡುವುದಿದ್ದರೆ ನಡೆಯುವಂಥದ್ದನ್ನೇ ಕೊಡಲಿ. "ಬಂದು ನೋಡ್ತೀನಿ" ಎಂದು ಅವರು ಹೇಳಿದರೆ, ಯಾರು ಕರೆದುಕೊಂಡು ಹೋಗುತ್ತಾರೆ, ಯಾವಾಗ ಎಂದು ಆಗಲೇ ಮನೆಯವರನ್ನು ಕೇಳಿ ಗಟ್ಟಿ ಮಾಡಿಕೊಂಡು ಬರೆಯಿರಿ. ಆ ಕಡೆ ಬಾಗಿಲು ನೋಡುತ್ತಾ ಕೂರುವವರು ಇರುತ್ತಾರೆ.

ದೊಡ್ಡಮ್ಮನ ಪತ್ರ ಕೊನೆಗೆ ಹೀಗಾಯಿತು:

"ಅಕ್ಕನಿಗೆ,

ಭಾವ ಹೋದರು ಅಂತ ಗೊತ್ತಾಯಿತು. ಬಂದು ನಿನ್ನ ಪಕ್ಕ ಕೂರಬೇಕಿತ್ತು. ಮಂಡಿ ಬಿಡಲಿಲ್ಲ, ಮಳೆಯೂ ಬಿಡಲಿಲ್ಲ.

ಅಕ್ಕ, ನಿನಗೆ ಒಂದು ಮಾತು ಹೇಳಬೇಕು. ನಮ್ಮನೆಯವರು ಕಾಲು ಮುರಿದುಕೊಂಡ ವರ್ಷ ನಮ್ಮ ಮನೆಯಲ್ಲಿ ಒಂದು ಪುಳ್ಳೆ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿ ಮೇಲೆ ಸೌದೆ ಇರುತ್ತಿತ್ತು. ಸೀಳಿ, ಒಟ್ಟಿ ಇಟ್ಟಿರುತ್ತಿದ್ದರು. ಯಾರು ಅಂತ ಯಾರೂ ಹೇಳಲಿಲ್ಲ. ಒಂದು ದಿನ ಕತ್ತಲಲ್ಲೇ ಎದ್ದು ನೋಡಿದೆ. ಭಾವ. ಕಂಬಳಿ ಕೊಪ್ಪೆ ಹಾಕಿಕೊಂಡು ಬಂದಿದ್ದರು. ನಾನು ನೋಡಿದೆ ಅಂತ ಅವರಿಗೆ ಹೇಳಲಿಲ್ಲ. ನಿನಗೂ ಹೇಳಲಿಲ್ಲ. ಆ ಮಳೆಗಾಲ ನಮ್ಮ ಒಲೆ ಉರಿದಿದ್ದು ಭಾವನ ಸೌದೆಯಲ್ಲಿ.

ನಮ್ಮನೆಯವರು ಹೋದಾಗ ನೀನು ಬಂದು ಮೂರು ದಿನ ನನ್ನ ಪಕ್ಕ ಮಲಗಿದ್ದೆ. ಅಷ್ಟು ಮಾತಾಡುವವಳು ನೀನು, ಅವತ್ತು ಏನೂ ಮಾತಾಡಲಿಲ್ಲ. ನನಗೆ ನೆನಪಿದೆ.

ಹೊತ್ತಿಗೆ ಸರಿಯಾಗಿ ಒಂದು ತುತ್ತು ಉಣ್ಣು. ರಾತ್ರಿ ಒಬ್ಬಳೇ ಮಲಗಬೇಡ, ಮೊಮ್ಮಗನನ್ನು ಹತ್ತಿರ ಮಲಗಿಸಿಕೊ.

ದೀಪಾವಳಿ ಕಳೆದ ಮೇಲೆ ಮಗ ಕರೆದುಕೊಂಡು ಬರುತ್ತೇನೆ ಅಂದಿದ್ದಾನೆ. ಬರುತ್ತೇನೆ.

ನಿನ್ನ ತಂಗಿ"

"ದುಃಖ" ಎಂಬ ಪದ ಇದರಲ್ಲಿ ಎಲ್ಲೂ ಇಲ್ಲ. ದೊಡ್ಡಮ್ಮ ಅದನ್ನು ಹೇಳಲೇ ಇಲ್ಲ, ಹಾಗಾಗಿ ಬರೆಯಲಿಲ್ಲ.

ಹೆಸರನ್ನು ಅವರ ಕೈಯಲ್ಲೇ ಬರೆಸಿ. ಅಕ್ಷರ ಸೊಟ್ಟಗಾದರೂ ಪರವಾಗಿಲ್ಲ, ಬೇರೆ ಹಾಳೆಯಲ್ಲಿ ಒಂದೆರಡು ಸಲ ಬರೆದು ನೋಡಲಿ. ಹೆಸರು ಬರೆಯಲೂ ಬಾರದವರಿಗೆ ಹೆಬ್ಬೆಟ್ಟು ಒತ್ತು ಎಂದು ನೀವಾಗಿ ಹೇಳಬೇಡಿ, ಎಷ್ಟೋ ಜನರಿಗೆ ಹೆಬ್ಬೆಟ್ಟು ಎಂದರೆ ಸಾಲದ ಕಾಗದದ ನೆನಪು. ಅವರಿಗೆ ಬೇಕೆನಿಸಿದರೆ ಒತ್ತಲಿ. ಕೆಳಗೆ ಸಣ್ಣದಾಗಿ "ದೊಡ್ಡಮ್ಮ ಹೇಳಿದ್ದು, ಬರೆದದ್ದು ತಂಗಿ ಮಗಳು" ಎಂದು ಸೇರಿಸಿ. ಮಾತು ಯಾರದ್ದು, ಕೈ ಯಾರದ್ದು ಎಂದು ಆ ಕಡೆಯವರಿಗೆ ಗೊತ್ತಾಗಲಿ.

ಕಳಿಸುವುದು

ಪೋಸ್ಟ್ ಕಾರ್ಡು ಬೇಡ, ದಾರಿಯಲ್ಲಿ ಎಲ್ಲರೂ ಓದಬಹುದು. ಇನ್‌ಲ್ಯಾಂಡ್ ಲೆಟರ್‌ನಲ್ಲಿ ದಪ್ಪ ಅಕ್ಷರಕ್ಕೆ ಜಾಗ ಸಾಲುವುದಿಲ್ಲ. ಗೆರೆ ಹಾಳೆಯಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಬರೆದು ಲಕೋಟೆಯಲ್ಲಿ ಹಾಕುವುದು ಒಳ್ಳೆಯದು. ಮಳೆಗಾಲದಲ್ಲಿ ಜೆಲ್ ಪೆನ್ನು ಬಳಸಬೇಡಿ, ಒಂದು ಹನಿ ಬಿದ್ದರೆ ಶಾಯಿ ಹರಡುತ್ತದೆ. ಬಾಲ್ ಪೆನ್ನೇ ಸರಿ. ವಿಳಾಸದಲ್ಲಿ ಮಗನ ಹೆಸರು, ಅಂಚೆ ಕಚೇರಿ ಇರುವ ಊರು, ತಾಲ್ಲೂಕು ಮತ್ತು ಪಿನ್ ಕೋಡ್ ಬರೆಯಿರಿ. ಹಾಸನ ಜಿಲ್ಲೆಯ ಪಿನ್‌ಗಳು ಹೆಚ್ಚಾಗಿ 573ರಿಂದ, ಚಿಕ್ಕಮಗಳೂರಿನವು 577ರಿಂದ ಶುರುವಾಗುತ್ತವೆ. ಅಷ್ಟು ನೋಡಿಕೊಂಡರೂ ಒಂದು ತಪ್ಪು ತಪ್ಪುತ್ತದೆ.

ಹನ್ನೊಂದನೇ ದಿನದ ತಿಥಿಗೆ ಮುಂಚೆಯೇ ತಲುಪಲೇಬೇಕು ಎಂದು ಗಾಬರಿಯಾಗಬೇಡಿ. ಅಲ್ಲಿಯವರೆಗೆ ಮನೆ ತುಂಬಾ ನೆಂಟರಿರುತ್ತಾರೆ, ಕಾಗದ ಯಾರದೋ ಕೈಗೆ ಸಿಕ್ಕಿ ಎಲ್ಲೋ ಉಳಿಯುತ್ತದೆ. ಎಲ್ಲರೂ ಹೊರಟುಹೋದ ಮೇಲೆ, ಹದಿನೈದು ಇಪ್ಪತ್ತನೇ ದಿನದ ಹೊತ್ತಿಗೆ ಬಂದರೆ ಕೂತು ಕೇಳಲು ಸಮಾಧಾನ ಇರುತ್ತದೆ. ಅಂಚೆಗೆ ಹಾಕಿದ ದಿನ ಆ ಮೊಮ್ಮಗನಿಗೆ ಒಂದು ಫೋನ್ ಮಾಡಿ. ಕಾಗದ ಬರುತ್ತದೆ, ಅಜ್ಜಿ ಒಬ್ಬರೇ ಇರುವಾಗ ಕಿವಿ ಹತ್ತಿರ ಕೂತು ನಿಧಾನವಾಗಿ ಓದು, ಮುಗಿದ ಮೇಲೆ ಇನ್ನೊಂದು ಸಲ ಓದು ಅಂದರೆ ಬೇಜಾರು ಮಾಡಿಕೊಳ್ಳದೆ ಓದು ಎಂದು ಹೇಳಿ. ಅಜ್ಜಿ ಏನಾದರೂ ಹೇಳಿದರೆ ಅದೇ ಮಾತಲ್ಲಿ ಬರೆದಿಟ್ಟುಕೋ ಎಂದೂ ಹೇಳಿ.